ಬೆಡ್ಡಿನಿಂದ ಬೆಡ್ಡಿಗೆ ಹೋದ ಕೈ

(ಸೋಂಕು ನಿಯಂತ್ರಣದ ಹೊಣೆ ಹೊತ್ತ ನರ್ಸ್ ಒಬ್ಬರು ಮೆಡಿಸಿನ್ ವಾರ್ಡಿನ ಸಿಬ್ಬಂದಿಗೆ ಹೇಳಿದ ಮಾತು)

ಹ್ಯಾಂಡೋವರ್ ಮುಗಿದಿದೆ, ನೈಟ್ ಡ್ಯೂಟಿಯವರಿಗೆ ಮನೆಗೆ ಹೋಗುವ ಆತುರ ಅಂತ ಗೊತ್ತು. ಆದರೂ ಕೂತ್ಕೊಳ್ಳಿ ಸಿಸ್ಟರ್. ಆಯಮ್ಮ, ನೀವು ಬಾಗಿಲ ಹತ್ತಿರ ನಿಲ್ಲಬೇಡಿ, ಮುಂದೆ ಬನ್ನಿ. ಇವತ್ತಿನ ಮಾತು ಹೆಚ್ಚಾಗಿ ನಿಮ್ಮ ಕೆಲಸದ್ದೇ. ಡಾಕ್ಟ್ರೇ, ನಿಮಗೂ ಪಾಲಿದೆ, ಕೊನೆಗೆ ಬರುತ್ತೇನೆ.

ಕೈ ತೊಳೆಯುವ ಐದು ಮೊಮೆಂಟ್‌ಗಳ ಚಾರ್ಟು ನಿಮ್ಮ ಹಿಂದಿನ ಗೋಡೆಯ ಮೇಲಿದೆ. ರೋಗಿಯನ್ನು ಮುಟ್ಟುವ ಮುಂಚೆ, ಶುದ್ಧವಾಗಿ ಮಾಡಬೇಕಾದ ಕೆಲಸಕ್ಕೆ ಕೈ ಹಾಕುವ ಮುಂಚೆ, ಮೂತ್ರ, ರಕ್ತ, ಕಫ ಇಂಥವು ತಗುಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಸೇರಿಸಿತು. ಕೇಳಿದರೆ ನೀವೆಲ್ಲ ಬಾಯಿಪಾಠ ಒಪ್ಪಿಸುತ್ತೀರಿ. ಆದ್ದರಿಂದ ಚಾರ್ಟನ್ನು ಬಿಟ್ಟು ಒಂದು ಸುತ್ತನ್ನು ಹಿಂಬಾಲಿಸೋಣ: ಬೆಳಗಿನ ಆರು ಗಂಟೆಗೆ ಯೂರೋಬ್ಯಾಗ್ ಖಾಲಿ ಮಾಡಿ ಔಟ್‌ಪುಟ್ ಬರೆಯುವ ಸುತ್ತು. ನಾನು ಹೇಳುವ ರೋಗಿಗಳು ಕಲ್ಪನೆಯವರು, ಸುತ್ತು ಮಾತ್ರ ಯಾವ ಊರಿನ ಯಾವ ವಾರ್ಡಿನಲ್ಲೂ ಕಾಣುವಂಥದ್ದು.

ಸೋಮವಾರ ಅಂದುಕೊಳ್ಳಿ. 4ನೇ ಬೆಡ್ಡಿನಲ್ಲಿ ಪಾರ್ಶ್ವವಾಯುವಾದ ಅಜ್ಜ. ಕ್ಯಾತಿಟರ್ ಹಾಕಿ ಎರಡು ವಾರ ಆಗುತ್ತಾ ಬಂದಿದೆ. ಅಜ್ಜನಿಗೆ ಜ್ವರ ಇಲ್ಲ, ಏನೂ ಇಲ್ಲ. ಆದರೆ ಅವರ ಬ್ಯಾಗಿನ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ. ಇದರಲ್ಲಿ ವಿಶೇಷವೇನಿಲ್ಲ. ಕ್ಯಾತಿಟರ್ ಇರುವ ಒಂದೊಂದು ದಿನವೂ ನೂರಕ್ಕೆ ಮೂರರಿಂದ ಏಳು ಜನರ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಬಹುಪಾಲು ಜನರಿಗೆ ಅದರಿಂದ ತೊಂದರೆ ಆಗದೆ ಇರಬಹುದು, ಆದರೆ ಬ್ಯಾಗು ಮಾತ್ರ ಬ್ಯಾಕ್ಟೀರಿಯಾದ ಕೊಳ. 6ನೇ ಬೆಡ್ಡಿನಲ್ಲಿ ಹೃದಯದ ತೊಂದರೆಯ ಒಬ್ಬರು. ಭಾನುವಾರ ಅಡ್ಮಿಟ್ ಆದರು, ಎಷ್ಟು ಮೂತ್ರ ಹೋಗುತ್ತಿದೆ ಎಂದು ಗಂಟೆಗಂಟೆಗೂ ಅಳೆಯಲು ಕ್ಯಾತಿಟರ್ ಹಾಕಿದ್ದಾರೆ. ಅವರ ಬ್ಯಾಗು ಹೊಸದು, ಸ್ವಚ್ಛ.

ಸುತ್ತು ಶುರುವಾಯಿತು. ಕೈಗೆ ಗ್ಲೌಸ್ ಬಂತು, ಅಳತೆಯ ಜಗ್ ಬಂತು. 4ನೇ ಬೆಡ್ಡಿನ ಬ್ಯಾಗಿನ ಕೆಳಗಿನ ಕೊಳವೆ ತೆರೆದಾಗ ಅದರ ತುದಿ ಜಗ್ಗಿನ ಅಂಚಿಗೆ ತಗುಲಿತು. ಎರಡು ಹನಿ ಗ್ಲೌಸಿನ ಬೆರಳಿಗೂ ಬಿತ್ತು. ಜಗ್ ಚೆಲ್ಲಿ, ನೀರಿನಲ್ಲಿ ಒಮ್ಮೆ ಕಲಕಿ, ಅದೇ ಗ್ಲೌಸು, ಅದೇ ಜಗ್ ಹಿಡಿದು 6ನೇ ಬೆಡ್ಡಿಗೆ ಬಂದದ್ದಾಯಿತು. ಅಲ್ಲಿಯೂ ಕೊಳವೆ ತೆರೆದದ್ದು ಅದೇ ಬೆರಳು, ತಗುಲಿದ್ದು ಅದೇ ಅಂಚು. ಹತ್ತು ನಿಮಿಷದಲ್ಲಿ ಎಂಟು ಬ್ಯಾಗ್ ಖಾಲಿ, ಚಾರ್ಟೆಲ್ಲ ಭರ್ತಿ. ನೋಡಿದವರಿಗೆ ಗ್ಲೌಸ್ ಹಾಕಿಕೊಂಡು ಅಚ್ಚುಕಟ್ಟಾಗಿ ಮಾಡಿದ ಕೆಲಸವೇ.

ಆಮೇಲಿನದ್ದು ಯಾರಿಗೂ ಕಾಣುವುದಿಲ್ಲ. 6ನೇ ಬ್ಯಾಗಿನ ಕೊಳವೆಗೆ ಅಂಟಿದ ಕ್ಲೆಬ್ಸಿಯೆಲ್ಲಾ ಒಳಗೆ ನಿಂತ ಮೂತ್ರಕ್ಕೆ ಸೇರಿತು. ಅಲ್ಲಿ ಅದಕ್ಕೆ ಆಹಾರದ ಕೊರತೆ ಇಲ್ಲ, ತಡೆಯುವವರೂ ಇಲ್ಲ. ರಕ್ತದ ಬಿಳಿ ಕಣಗಳು ಬ್ಯಾಗಿನೊಳಗೆ ಬಂದು ಕಾವಲು ಕಾಯುವುದಿಲ್ಲ. ಸಂಖ್ಯೆ ಬೆಳೆಯುತ್ತದೆ, ಟ್ಯೂಬಿನ ಒಳಗೋಡೆಗೆ ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತದೆ, ಆ ಪದರವೇ ಮೇಲಕ್ಕೆ ಹಬ್ಬುತ್ತದೆ. ಸ್ಕ್ಯಾನಿಂಗಿಗೆ ಹೋಗುವಾಗ ಯಾರಾದರೂ ಬ್ಯಾಗನ್ನು ಎತ್ತಿ ರೋಗಿಯ ಹೊಟ್ಟೆಯ ಮೇಲೆ ಇಟ್ಟರೆ ಹಬ್ಬುವ ಶ್ರಮವೂ ಉಳಿಯಿತು, ಮೂತ್ರ ತಾನೇ ಹಿಂದಕ್ಕೆ ಹರಿಯುತ್ತದೆ. ಬ್ಯಾಗಿನಲ್ಲಿ ಸೇರಿದ ಬ್ಯಾಕ್ಟೀರಿಯಾ ಮೂತ್ರಕೋಶ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಸಾಕು.

ಗುರುವಾರ ಸಂಜೆ 6ನೇ ಬೆಡ್ಡಿನವರಿಗೆ ಚಳಿ ಬಂತು, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಮೂತ್ರದ ಕಲ್ಚರ್ ಕಳಿಸಿದರು. ಬೆಳೆಯಲು ಒಂದು ದಿನ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಲು ಇನ್ನೊಂದು ದಿನ. ಶನಿವಾರ ರಿಪೋರ್ಟ್: ಕ್ಲೆಬ್ಸಿಯೆಲ್ಲಾ, ಪ್ರತಿ ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು. ಸೋಮವಾರ ಬೆಳಿಗ್ಗೆ ಸುತ್ತು ಹೊಡೆದವರು ಅಷ್ಟರಲ್ಲಿ ಶಿಫ್ಟ್ ಬದಲಾಗಿ ಬೇರೆ ಕಡೆ ಇದ್ದಾರೆ. ರಿಪೋರ್ಟ್ ನೋಡಿದವರಿಗೆ ಸೋಮವಾರದ ಸುಳಿವಿಲ್ಲ. ಸುತ್ತು ಹೊಡೆದವರಿಗೆ ರಿಪೋರ್ಟಿನ ಸುಳಿವಿಲ್ಲ.

ಈ ಅಂತರವೇ ನಮ್ಮ ದೊಡ್ಡ ಶತ್ರು ಅಂತ ನನ್ನ ಅಭಿಪ್ರಾಯ. ಸೂಜಿ ಚುಚ್ಚಿಕೊಂಡರೆ ತಕ್ಷಣ ನೋಯುತ್ತದೆ, ಆದ್ದರಿಂದ ಸೂಜಿಯ ವಿಷಯದಲ್ಲಿ ಯಾರಿಗೂ ಎರಡನೇ ಸಲ ಹೇಳಬೇಕಿಲ್ಲ. ಕೈ ಉಜ್ಜದೆ ಬಿಟ್ಟದ್ದು ಮೂರು ದಿನ ಬಿಟ್ಟು, ಬೇರೆ ಬೆಡ್ಡಿನಲ್ಲಿ, ಬೇರೆಯವರ ಡ್ಯೂಟಿಯಲ್ಲಿ ಜ್ವರವಾಗಿ ಬರುತ್ತದೆ. ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಯಾರೋ ಮುಸುರೆ ಕೈ ಹಾಕಿರುತ್ತಾರೆ. ಬೂಸಲು ಕಾಣುವುದು ವಾರದ ಮೇಲೆ, ಆಗ ಕೇಳಿದರೆ ಎಲ್ಲರೂ ನಾನಲ್ಲ ಅನ್ನುತ್ತಾರೆ, ಸುಳ್ಳೂ ಹೇಳುತ್ತಿರುವುದಿಲ್ಲ. ಅದಕ್ಕೇ ನಮ್ಮ ಅಜ್ಜಿಯರು ಬೂಸಲು ಬಂದ ಮೇಲೆ ವಿಚಾರಣೆ ನಡೆಸುತ್ತಿರಲಿಲ್ಲ, ಜಾಡಿಯ ಮುಚ್ಚಳ ತೆಗೆಯುವ ಕ್ಷಣದಲ್ಲಿ ಕೈಯನ್ನು ನೋಡುತ್ತಿದ್ದರು.

ನಾನು ಇದನ್ನು ಹಿಂದಿನಿಂದ ಹುಡುಕುವುದು ಹೇಗೆ ಅಂತ ಕೇಳಬಹುದು. ಲ್ಯಾಬಿನಿಂದ ಬಂದ ರಿಪೋರ್ಟುಗಳನ್ನು ಬೆಡ್ ನಂಬರ್, ತಾರೀಖು ಹಾಕಿ ಸಾಲಾಗಿ ಬರೆಯುತ್ತೇನೆ. ಹತ್ತಿರ ಹತ್ತಿರದ ಎರಡು ಬೆಡ್ಡಿನಲ್ಲಿ, ಕೆಲವೇ ದಿನದ ಅಂತರದಲ್ಲಿ, ಒಂದೇ ಬ್ಯಾಕ್ಟೀರಿಯಾ ಬಂದು, ಬಗ್ಗುವ ಔಷಧ, ಬಗ್ಗದ ಔಷಧಗಳ ಪಟ್ಟಿಯೂ ಎರಡರಲ್ಲೂ ಒಂದೇ ಆಗಿದ್ದರೆ ನನಗೆ ಅನುಮಾನ ಶುರು. ಅದು ಸಾಕ್ಷಿಯಲ್ಲ, ಅನುಮಾನ ಮಾತ್ರ. ಎರಡೂ ಒಂದೇ ವಂಶದವು ಅಂತ ಖಚಿತಪಡಿಸಲು ಅವುಗಳ ಜೀನ್ ಪರೀಕ್ಷೆ ಆಗಬೇಕು, ಅದು ನಮ್ಮಂಥ ಕಡೆ ದಿನನಿತ್ಯ ಆಗುವ ಕೆಲಸವಲ್ಲ. ಆದರೆ ಅನುಮಾನ ಬಂದರೆ ಸುತ್ತನ್ನು ನೋಡಲು ಬೆಳಿಗ್ಗೆ ಆರಕ್ಕೆ ನಾನೇ ಬರುತ್ತೇನೆ. ಆ ದಿನ ಎಲ್ಲರೂ ಚೆನ್ನಾಗಿಯೇ ಕೈ ಉಜ್ಜುತ್ತೀರಿ, ಅದೂ ಗೊತ್ತು!

ಮೂತ್ರ ಮುಟ್ಟಿದರೆ ಸರಿ, ಬರೀ ನಾಡಿ ಹಿಡಿದರೆ ಏನಾಗುತ್ತದೆ ಅನ್ನುವವರಿಗೆ ಒಂದು ಹಳೆಯ ಅಧ್ಯಯನ ಹೇಳುತ್ತೇನೆ. 1977ರಲ್ಲಿ ಲಂಡನ್ನಿನಲ್ಲಿ ಕ್ಯಾಸ್‌ವೆಲ್ ಮತ್ತು ಫಿಲಿಪ್ಸ್ ಎಂಬಿಬ್ಬರು ಒಂದು ಇಂಟೆನ್ಸಿವ್ ಕೇರ್ ಘಟಕದಲ್ಲಿ ಇದೇ ಕ್ಲೆಬ್ಸಿಯೆಲ್ಲಾದ ಜಾಡು ಹಿಡಿದರು. ರೋಗಿಯನ್ನು ಎತ್ತಿ ಕೂರಿಸುವುದು, ನಾಡಿ ನೋಡುವುದು, ಬಿಪಿ ನೋಡುವುದು ಇಂಥ ‘ಶುದ್ಧ’ ಕೆಲಸಗಳಲ್ಲೇ ನರ್ಸುಗಳ ಕೈಗೆ ನೂರರಿಂದ ಸಾವಿರದಷ್ಟು ಕ್ಲೆಬ್ಸಿಯೆಲ್ಲಾ ಬರುತ್ತಿತ್ತು. ಬೇಕೆಂದೇ ಕೈಗೆ ಹಚ್ಚಿ ನೋಡಿದಾಗ ಅದು 150 ನಿಮಿಷದವರೆಗೂ ಬದುಕಿ ಉಳಿದದ್ದು ಕಂಡಿತು. ಎರಡೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ನೀವು ವಾರ್ಡಿನ ಎಲ್ಲ ಬೆಡ್ಡಿಗೂ ಹೋಗಿ ಬಂದಿರುತ್ತೀರಿ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವ ಮುಂಚೆ ಕ್ಲೋರ್‌ಹೆಕ್ಸಿಡಿನ್ ಹಾಕಿ ಕೈ ತೊಳೆಯುವ ಪದ್ಧತಿ ತಂದ ಮೇಲೆ ಅಲ್ಲಿ ಕ್ಲೆಬ್ಸಿಯೆಲ್ಲಾ ತಗುಲುವವರ ಸಂಖ್ಯೆ ಇಳಿಯಿತು, ಇಳಿದೇ ಉಳಿಯಿತು. ಬಿಪಿ ನೋಡುವಾಗ ಕೈಗೆ ಅದು ಎಲ್ಲಿಂದ ಬಂತು? ನಮ್ಮೆಲ್ಲರ ಮೈಯಿಂದ ದಿನಕ್ಕೆ ಸುಮಾರು ಹತ್ತು ಲಕ್ಷ ಸೂಕ್ಷ್ಮ ಚರ್ಮದ ಹೊಟ್ಟು ಉದುರುತ್ತದೆ. ಅದು ಹಾಸಿಗೆ, ಬೆಡ್ಡಿನ ಕಂಬಿ, ಲಾಕರ್, ಡ್ರಿಪ್ ಸ್ಟ್ಯಾಂಡ್ ಎಲ್ಲದರ ಮೇಲೂ ಬೀಳುತ್ತದೆ, ಬ್ಯಾಕ್ಟೀರಿಯಾವನ್ನು ಹೊತ್ತೇ ಬೀಳುತ್ತದೆ.

ಐದನೇ ಮೊಮೆಂಟ್ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇದೇ. ಒಬ್ಬ ರೋಗಿ ಮತ್ತು ಅವರ ಸುತ್ತಲಿನ ಮಂಚ, ಲಾಕರ್, ಪಂಪು, ಬಟನ್ನು ಎಲ್ಲ ಸೇರಿ ಒಂದು ವಲಯ. ಆ ವಲಯದೊಳಗೆ ಇರುವುದೆಲ್ಲ ಆ ರೋಗಿಯ ಸೂಕ್ಷ್ಮಜೀವಿಗಳೇ. ಗೆರೆ ದಾಟಿ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಕೈ ಉಜ್ಜಬೇಕು. ಜಿನೀವಾದಲ್ಲಿ ಡಿಡಿಯರ್ ಪಿಟೆ ಮತ್ತು ಸಂಗಡಿಗರು ಈ ಚಿತ್ರವನ್ನು ರೂಪಿಸಿದಾಗ ಅವರ ಕಣ್ಣೆದುರಿಗೆ ಇದ್ದದ್ದು ಒಂದಕ್ಕೊಂದು ದೂರ ಇರುವ ಮಂಚಗಳು. ನಮ್ಮ ಜನರಲ್ ವಾರ್ಡಿನಲ್ಲಿ ಎರಡು ಮಂಚದ ನಡುವೆ ಒಂದು ಸ್ಟೂಲು, ಅದರ ಮೇಲೆ ಎರಡೂ ಕಡೆಯ ಟಿಫಿನ್ ಡಬ್ಬಿ. ಪೇಷೆಂಟ್ ಕಡೆಯವರು ಮಂಚದ ಮೇಲೇ ಕೂತಿರುತ್ತಾರೆ, ಪಕ್ಕದವರಿಗೆ ನೀರೂ ಕುಡಿಸುತ್ತಾರೆ. ಗೆರೆ ಎಲ್ಲಿದೆ ಅಂತ ಕೇಳಿದರೆ ನಾನೇ ತಡವರಿಸುತ್ತೇನೆ. ಹಾಗಾಗಿ ಒಂದು ಸುಲಭದ ಕ್ರಮ ಇಟ್ಟುಕೊಂಡಿದ್ದೇನೆ. ಪರದೆ, ಸ್ಟೂಲು, ಟ್ರಾಲಿ ಇವು ಯಾರೊಬ್ಬರದ್ದೂ ಅಲ್ಲ. ಮೊದಲು ಪರದೆ ಎಳೆಯಿರಿ, ಸ್ಟೂಲು ಸರಿಸಿ, ಟ್ರಾಲಿ ಹತ್ತಿರ ತನ್ನಿ, ಕೇಸ್ ಶೀಟ್ ಓದಿ ಮುಗಿಸಿ. ಎಲ್ಲ ಆದ ಮೇಲೆ ಕೈ ಉಜ್ಜಿ, ಆಮೇಲೆ ರೋಗಿಯನ್ನು ಮುಟ್ಟಿ. ಬಾಗಿಲಲ್ಲೇ ಕೈ ಉಜ್ಜಿಕೊಂಡು ಬಂದು, ಪರದೆ ಎಳೆದು, ಜೇಬಿನ ಫೋನು ನೋಡಿ ಮುಟ್ಟಿದರೆ ಬಾಗಿಲಲ್ಲಿ ಉಜ್ಜಿದ್ದು ವ್ಯರ್ಥ.

ಈಗ ಎರಡನೇ ಮೊಮೆಂಟಿಗೆ ಬರುತ್ತೇನೆ. ತಪ್ಪಿದರೆ ನೇರವಾಗಿ ರಕ್ತಕ್ಕೋ ಮೂತ್ರಕೋಶಕ್ಕೋ ದಾರಿ ತೆರೆಯುವುದು ಇದು. ಒಬ್ಬ ಸಿಸ್ಟರ್ ರೋಗಿಯ ಬಳಿ ಬಂದರು, ಕೈ ಉಜ್ಜಿದರು, ಮಗ್ಗುಲು ತಿರುಗಿಸಿದರು, ಹೊದಿಕೆ ಸರಿ ಮಾಡಿದರು, ಯೂರೋಬ್ಯಾಗ್ ನೋಡಿದರು, ಆಮೇಲೆ ಕ್ಯಾನುಲಾದ ಮುಚ್ಚಳ ತೆಗೆದು ಇಂಜೆಕ್ಷನ್ ಕೊಟ್ಟರು. ನಾನು ಹತ್ತಿರ ಹೋಗಿ ಮಧ್ಯೆ ಕೈ ಉಜ್ಜಲಿಲ್ಲವಲ್ಲ ಅಂದರೆ ಬರುವ ಉತ್ತರ ಯಾವಾಗಲೂ ಒಂದೇ: “ಅದೇ ಪೇಷೆಂಟ್ ತಾನೇ ಮೇಡಂ?”

ಪೇಷೆಂಟ್ ಅದೇ, ಜಾಗ ಬೇರೆ. ಅವರ ತೊಡೆಯ ಸಂದಿನಲ್ಲಿ, ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾ ಅಲ್ಲಿ ಇದ್ದಷ್ಟು ಹೊತ್ತು ಉಪದ್ರವ ಇಲ್ಲ. ಅದನ್ನೇ ಕ್ಯಾನುಲಾದ ಬಾಯಿಗೆ ತಂದು ಇಟ್ಟು, ಹಿಂದಿನಿಂದ ಸಿರಿಂಜಿನಲ್ಲಿ ಒತ್ತಿದರೆ ಅದು ರಕ್ತನಾಳದ ಒಳಗೆ. ಸೆಂಟ್ರಲ್ ಲೈನ್ ಆದರೆ ಹೃದಯದ ಬಾಗಿಲಿಗೆ. ರೋಗಿಯನ್ನು ಅವರದೇ ಸೂಕ್ಷ್ಮಜೀವಿಗಳಿಂದ ಕಾಪಾಡುವುದು ಈ ಮೊಮೆಂಟಿನ ಕೆಲಸ. ಆದ್ದರಿಂದ ಇಲ್ಲಿ ಕ್ರಮವೇ ಎಲ್ಲ. ಔಷಧ ತುಂಬಿ, ಟ್ರೇ ಜೋಡಿಸಿ, ಹೊದಿಕೆ ಸರಿಸಿ, ಕೈ ಹಿಡಿದು ಕ್ಯಾನುಲಾ ಕಾಣುವಂತೆ ಇಟ್ಟುಕೊಳ್ಳಿ. ಈಗ ಕೈ ಉಜ್ಜಿ. ಆಲ್ಕೋಹಾಲ್ ಸ್ವಾಬಿನಿಂದ ಕ್ಯಾನುಲಾದ ಬಾಯನ್ನು ಹದಿನೈದು ಸೆಕೆಂಡ್ ತಿಕ್ಕಿ, ಒಣಗಲು ಬಿಡಿ. ಇಂಜೆಕ್ಷನ್ ಕೊಡಿ. ಉಜ್ಜುವುದಕ್ಕೂ ಕ್ಯಾನುಲಾ ಮುಟ್ಟುವುದಕ್ಕೂ ನಡುವೆ ಬೇರೆ ಯಾವುದನ್ನೂ ಮುಟ್ಟಬಾರದು, ಮೂಗಿನ ಮೇಲಿನ ಮಾಸ್ಕನ್ನೂ.

ಇದರಿಂದ ಕೆಲಸ ದುಪ್ಪಟ್ಟಾಗುತ್ತದೆ ಅಂತ ಹೆದರಬೇಡಿ. ಎರಡು ಮೊಮೆಂಟ್ ಒಂದಕ್ಕೊಂದು ತಾಗಿ ಬಂದರೆ ಒಂದೇ ಸಲ ಉಜ್ಜಿದರೆ ಸಾಕು. ಬ್ಯಾಗ್ ಖಾಲಿ ಮಾಡಿ ಗ್ಲೌಸ್ ತೆಗೆದು ಕೈ ಉಜ್ಜಿದಿರಿ, ಏನನ್ನೂ ಮುಟ್ಟದೆ ಅದೇ ರೋಗಿಯ ಕ್ಯಾನುಲಾಕ್ಕೆ ಕೈ ಹಾಕಿದಿರಿ ಅಂದರೆ ಮೂರನೆಯದ್ದೂ ಎರಡನೆಯದ್ದೂ ಒಟ್ಟಿಗೆ ಆಯಿತು. ನನ್ನ ಸಲಹೆ ಕೇಳಿದರೆ ಇನ್ನೂ ಸುಲಭ: ಮೊದಲು ಇಂಜೆಕ್ಷನ್, ಕೊನೆಗೆ ಯೂರಿನ್.

ಗ್ಲೌಸಿನ ಮಾತು ಬಂತು. ಆ ಸೋಮವಾರದ ಸುತ್ತು ಕೆಟ್ಟದ್ದು ಗ್ಲೌಸಿನಿಂದಲೇ ಅಂತ ಹೇಳಿದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಬರಿಗೈಗೆ ಮೂತ್ರ ತಾಗಿದ್ದರೆ ಅಸಹ್ಯಕ್ಕಾದರೂ ತೊಳೆಯುತ್ತಿದ್ದೆವು. ಗ್ಲೌಸ್ ಇದ್ದರೆ ನಮ್ಮ ಕೈಗೆ ಏನೂ ಆಗಲಿಲ್ಲ ಎಂಬ ನೆಮ್ಮದಿ. ಇಂಗ್ಲೆಂಡ್ ಮತ್ತು ವೇಲ್ಸಿನ ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಲೌಸ್ ಹಾಕದಿದ್ದಾಗ ಕೈ ಶುಚಿ ಮಾಡಿಕೊಂಡದ್ದು ನೂರಕ್ಕೆ 50 ಸಲ, ಗ್ಲೌಸ್ ಹಾಕಿದ್ದಾಗ ಸುಮಾರು 41 ಸಲ. ಗ್ಲೌಸ್ ಕಾಯುವುದು ಹಾಕಿಕೊಂಡವರನ್ನು. ಮುಂದಿನ ಬೆಡ್ಡಿನವರ ಪಾಲಿಗೆ ಅದೂ ಇನ್ನೊಂದು ಚರ್ಮ, ಅಷ್ಟೇ. ಗ್ಲೌಸಿನ ಮೇಲೆ ರಬ್ ಹಾಕಿ ಉಜ್ಜುವುದನ್ನು ಕೆಲವರು ಮಾಡುತ್ತಾರೆ, ಅದು ಸರಿಯಲ್ಲ. ತೆಗೆಯುವಾಗ ಮಣಿಕಟ್ಟಿಗೆ ಬೆರಳಿಗೆ ತಗುಲಿಯೇ ತಗುಲುತ್ತದೆ, ಕಣ್ಣಿಗೆ ಕಾಣದ ತೂತೂ ಇರಬಹುದು. ಆದ್ದರಿಂದ ತೆಗೆದ ಮೇಲೂ ಉಜ್ಜಬೇಕು.

ಹಾಗಾದರೆ ಆರು ಗಂಟೆಯ ಸುತ್ತು ಹೇಗಿರಬೇಕು? ಒಂದೊಂದು ಬೆಡ್ಡಿಗೆ ಒಂದೊಂದು ಜಗ್, ಅದರ ಮೇಲೆ ಬೆಡ್ ನಂಬರ್. ಕೈ ಉಜ್ಜಿ, ಒಣಗಿದ ಮೇಲೆ ಗ್ಲೌಸ್ ಹಾಕಿ. ಕೊಳವೆಯ ತುದಿ ಜಗ್ಗಿಗೆ ತಾಗದಂತೆ ಹಿಡಿದು ತೆರೆಯಿರಿ. ಮುಚ್ಚಿದ ಮೇಲೆ ತುದಿಯನ್ನು ಸ್ವಾಬಿನಿಂದ ಒರೆಸಿ. ಬ್ಯಾಗು ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಜಗ್ ಚೆಲ್ಲಿ ತೊಳೆದಿಟ್ಟು, ಗ್ಲೌಸ್ ತೆಗೆದು, ಕೈ ಉಜ್ಜಿ, ಆಮೇಲೆ ಚಾರ್ಟಿನಲ್ಲಿ ಬರೆಯಿರಿ. ಬರೆದ ಪೆನ್ನು ಮುಟ್ಟಿದ ಕೈ ಮುಂದಿನ ಬೆಡ್ಡಿಗೆ ಹೋಗುವಾಗ ಮತ್ತೆ ಉಜ್ಜಬೇಕು. ಎಂಟು ಕ್ಯಾತಿಟರ್ ಇದ್ದರೆ ಹತ್ತು ನಿಮಿಷದ ಸುತ್ತು ಅರ್ಧ ಗಂಟೆ ಆಗುತ್ತದೆ. ಅದಕ್ಕೆ ಆಳು ಬೇಕು ಅಂತ ನೀವು ಹೇಳಿದರೆ ನಾನು ಒಪ್ಪುತ್ತೇನೆ. ಜಿನೀವಾದ ಅಧ್ಯಯನಗಳಲ್ಲೂ ಗಂಟೆಗೆ ಮಾಡಬೇಕಾದ ಕೆಲಸ ಹೆಚ್ಚಾದಷ್ಟೂ ಕೈ ಉಜ್ಜುವುದು ಕಡಿಮೆಯಾದದ್ದು ಕಂಡಿತ್ತು. ಅವರು ಬೈದು ಸರಿ ಮಾಡಲಿಲ್ಲ, ಸಿಂಕಿಗೆ ನಡೆದು ಹೋಗುವ ಬದಲು ಹ್ಯಾಂಡ್ ರಬ್ಬನ್ನು ಬೆಡ್ಡಿನ ಬಳಿಗೇ ತಂದರು, ವಾರ್ಡಿನವರನ್ನೇ ಸೇರಿಸಿಕೊಂಡು ಪೋಸ್ಟರ್ ಮಾಡಿಸಿದರು. 1994ರಲ್ಲಿ ನೂರಕ್ಕೆ 48 ಇದ್ದದ್ದು 1997ಕ್ಕೆ 66 ಆಯಿತು. ಆಸ್ಪತ್ರೆಯಲ್ಲಿ ಅಂಟಿಕೊಂಡ ಸೋಂಕು 1994ರಲ್ಲಿ ನೂರಕ್ಕೆ 16.9 ಇದ್ದದ್ದು 1998ಕ್ಕೆ 9.9ಕ್ಕೆ ಇಳಿಯಿತು. ಇಳಿದದ್ದೆಲ್ಲ ಕೈಯಿಂದಲೇ ಅಂತ ಹೇಳಲಾಗದು, ಬೇರೆ ಬದಲಾವಣೆಗಳೂ ನಡೆದಿದ್ದವು. ಗಮನಿಸಿ, 66ಕ್ಕೇ ಇಷ್ಟು. ನೂರಕ್ಕೆ ನೂರು ಯಾರೂ ಮಾಡಿರಲಿಲ್ಲ.

ರಬ್ ಹಾಕುವ ರೀತಿಯ ಬಗ್ಗೆ ಎರಡೇ ಮಾತು. ಅಂಗೈ ತುಂಬ ತೆಗೆದುಕೊಳ್ಳಿ, ಇಪ್ಪತ್ತರಿಂದ ಮೂವತ್ತು ಸೆಕೆಂಡ್ ಕೈ ಒದ್ದೆಯಾಗಿಯೇ ಇರಬೇಕು. ಹತ್ತು ಸೆಕೆಂಡಿಗೇ ಒಣಗಿದರೆ ಹಾಕಿದ್ದು ಕಡಿಮೆ. ಆಲ್ಕೋಹಾಲ್ ಬ್ಯಾಕ್ಟೀರಿಯಾದ ಪ್ರೋಟೀನನ್ನು ಕೆಡಿಸಿ ಕೊಲ್ಲುತ್ತದೆ, ಅದಕ್ಕೆ ಸ್ವಲ್ಪ ಸಮಯ ಬೇಕು. ಹೆಬ್ಬೆರಳು, ಬೆರಳ ತುದಿ ಇವೆರಡನ್ನು ಎಲ್ಲರೂ ಮರೆಯುತ್ತಾರೆ, ಕ್ಯಾನುಲಾ ಮುಟ್ಟುವುದು ಇವೇ. ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ ರಬ್ ಸಾಲದು, ಸೋಪು ನೀರು ಬೇಕು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿ ಆಗುತ್ತಿರುವವರ ಹತ್ತಿರವೂ ಸೋಪೇ. ಅದರ ಬೀಜಕಣಕ್ಕೆ ಆಲ್ಕೋಹಾಲ್ ಏನೂ ಮಾಡುವುದಿಲ್ಲ, ಉಜ್ಜಿ ತೊಳೆದು ಹರಿಯಬಿಡುವುದೊಂದೇ ದಾರಿ. ಉಂಗುರದ ಅಡಿಯ ಚರ್ಮದಲ್ಲಿ ಬ್ಯಾಕ್ಟೀರಿಯಾ ಹೆಚ್ಚು, ಬಳೆ ಇದ್ದರೆ ಮಣಿಕಟ್ಟಿಗೆ ರಬ್ ಹೋಗದು. ಡ್ಯೂಟಿಯಲ್ಲಿ ಮೊಣಕೈಯಿಂದ ಕೆಳಗೆ ಏನೂ ಬೇಡ. ತಾಳಿ ಕತ್ತಿನಲ್ಲಿರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ಡಾಕ್ಟ್ರೇ, ನಿಮ್ಮ ಪಾಲು. ರೌಂಡ್ಸಿನಲ್ಲಿ ಸ್ಟೆತಾಸ್ಕೋಪ್ ಹಿಡಿದು ಬೆಡ್ಡಿನಿಂದ ಬೆಡ್ಡಿಗೆ ಹೋಗುವಾಗ ನಿಮ್ಮ ಕೈಗೂ ಇದೇ ನಿಯಮ. ಇನ್ನೊಂದು, ಪ್ರತಿ ಬೆಡ್ಡಿನ ಬಳಿ ‘ಈ ಕ್ಯಾತಿಟರ್ ಇವತ್ತೂ ಬೇಕಾ?’ ಅಂತ ಕೇಳಿಕೊಂಡು ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ತೆಗೆದ ಕ್ಯಾತಿಟರಿಗೆ ಸೋಂಕು ತಗುಲುವುದಿಲ್ಲ, ಸಿಸ್ಟರಿಗೆ ಒಂದು ಬ್ಯಾಗೂ ಕಡಿಮೆ.

ಕೊನೆಗೆ ನನ್ನ ಲೆಕ್ಕ. ನಾನು ಪುಸ್ತಕ ಹಿಡಿದು ನಿಂತಾಗ ನೀವು ಉಜ್ಜುವುದನ್ನು ಎಣಿಸಿ ನೂರಕ್ಕೆ ಇಷ್ಟು ಅಂತ ಬರೆದರೆ ಅದು ನಾನು ಇದ್ದ ಹೊತ್ತಿನ ಲೆಕ್ಕ. ನಾನಿಲ್ಲದ ಹೊತ್ತಿನದ್ದನ್ನು ಬಾಟಲಿ ಹೇಳುತ್ತದೆ. ಸಾವಿರ ರೋಗಿ-ದಿನಕ್ಕೆ ಕನಿಷ್ಠ 20 ಲೀಟರ್ ರಬ್ ಖರ್ಚಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. 30 ಬೆಡ್ಡಿನ ವಾರ್ಡು ತಿಂಗಳಿಡೀ ತುಂಬಿದ್ದರೆ 900 ರೋಗಿ-ದಿನ, ಅಂದರೆ 18 ಲೀಟರ್, ಅಂದರೆ ಅರ್ಧ ಲೀಟರಿನ 36 ಬಾಟಲಿ. ದೊಡ್ಡ ಸಂಖ್ಯೆ ಅನ್ನಿಸಿತೇ? ಬಿಡಿಸಿ ನೋಡಿ. ಒಬ್ಬ ರೋಗಿಗೆ ದಿನಕ್ಕೆ 20 ಮಿಲಿಲೀಟರ್. ಒಂದು ಸಲಕ್ಕೆ 3 ಮಿಲಿಲೀಟರ್ ಹಿಡಿದರೆ ಮೂರೂ ಶಿಫ್ಟ್ ಸೇರಿ, ಡಾಕ್ಟರು, ಸಿಸ್ಟರು, ಆಯಮ್ಮ, ಫಿಸಿಯೋ ಎಲ್ಲರೂ ಸೇರಿ ಏಳು ಸಲವೂ ಆಗಲಿಲ್ಲ. ಇದಕ್ಕಿಂತ ಕಡಿಮೆ ಖರ್ಚಾದರೆ ನೋಡಿಯೇ ತಿಳಿಯಬೇಕಾದ್ದು ಏನೂ ಉಳಿದಿಲ್ಲ.

ಬಾಟಲಿ ಮುಗಿದಿತ್ತು, ಸ್ಟೋರಿನಲ್ಲಿ ಇರಲಿಲ್ಲ ಅನ್ನುವ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಇಂಡೆಂಟ್ ಬರೆದ ಪ್ರತಿ ಇರಬೇಕು. ಪ್ರತಿ ಬೆಡ್ಡಿನ ಕಾಲ ಬಳಿ ಬಾಟಲಿ ಸಿಕ್ಕಿಸುವ ತಂತಿಯ ಹಿಡಿಕೆ ಇವತ್ತು ಮಧ್ಯಾಹ್ನ ಬರುತ್ತದೆ, ನಂಬರ್ ಹಾಕಿದ ಜಗ್ ನಾಳೆ ಬರುತ್ತದೆ. ಬರುವ ತಿಂಗಳು ಒಂದನೇ ತಾರೀಖಿನಿಂದ ಖಾಲಿ ಬಾಟಲಿಗಳನ್ನು ಎಸೆಯಬೇಡಿ ಆಯಮ್ಮ, ಡ್ರೆಸ್ಸಿಂಗ್ ರೂಮಿನ ಮೂಲೆಯಲ್ಲಿ ಒಂದು ಡಬ್ಬದಲ್ಲಿ ಹಾಕಿಡಿ. ನಾನು ಬಂದು ಎಣಿಸಿಕೊಳ್ಳುತ್ತೇನೆ.